ಬ್ರೋಕರ್ ನಿಂತುಹೋದಾಗ ಷೇರು ಎಲ್ಲಿರುತ್ತದೆ: ಡೊಂಬಿವಲಿಯ ಒಂದು ಪ್ರಕರಣ

2025ರ ಮಳೆಗಾಲದಲ್ಲಿ ಮುಂಬೈಯ ಮಧ್ಯಮ ಗಾತ್ರದ ಒಂದು ಬ್ರೋಕರ್ ಸಂಸ್ಥೆಯ ಟರ್ಮಿನಲ್‌ಗಳನ್ನು ಎಕ್ಸ್‌ಚೇಂಜ್ ಬಂದ್ ಮಾಡಿತು. ಗ್ರಾಹಕರ ಹಣದ ಲೆಕ್ಕದಲ್ಲಿ ಕೊರತೆ ಕಂಡುಬಂದಿದೆ ಎಂಬುದಷ್ಟೇ ಹೊರಬಿದ್ದ ಕಾರಣ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದರ ಗ್ರಾಹಕರಲ್ಲೊಬ್ಬರು ಡೊಂಬಿವಲಿ ಪೂರ್ವದ ಒಬ್ಬ ಹಿರಿಯರು. ಮೂಲ ಉಡುಪಿ ಕಡೆ. ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಎಲ್ಲರೂ ಕರೆಯುವ ಹಾಗೆ ನಾನೂ ಟೀಚರ್ ಎಂದೇ ಕರೆಯುತ್ತೇನೆ. ಫೋರ್ಟ್‌ನಲ್ಲಿ, ಷೇರಿನ ಖಾತೆ ತೆರೆದುಕೊಡುವ ಒಂದು ಡಿಪಿ ಸಂಸ್ಥೆಯ ಬ್ಯಾಕ್ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದು ಅವರಿಗೆ ಗೊತ್ತಿತ್ತು. ಆ ಸಂಜೆ ಫೋನ್ ಮಾಡಿದರು.

"ಆ್ಯಪ್ ತೆರೆಯುದಿಲ್ಲ ಮಾರಾಯ್ರೇ. ಅವ್ರು ಬಾಗಿಲು ಹಾಕಿದ್ರೆ ನಮ್ಮ ಷೇರಿನ ಗತಿ ಎಂತ?"

"ಷೇರು ಅವರ ಹತ್ರ ಇರುದೇ ಇಲ್ಲ ಟೀಚರೇ. ಎಲ್ಲಿ ಉಂಟು ಅಂತ ಮೊದಲು ನೋಡುವ" ಅಂದೆ.

ಧೈರ್ಯ ಹೇಳುವುದಕ್ಕೆಂದು ಆಡಿದ ಮಾತಲ್ಲ ಅದು. ವ್ಯವಸ್ಥೆ ಇರುವುದೇ ಹಾಗೆ. ಆದರೆ ಟೀಚರ್ ತಮ್ಮದು ಎಂದುಕೊಂಡಿದ್ದ ಸೊತ್ತಿನ ಅಷ್ಟೂ ಭಾಗಕ್ಕೆ ಆ ಮಾತು ಒಂದೇ ರೀತಿ ಅನ್ವಯಿಸಲಿಲ್ಲ. ಎಷ್ಟು ಭಾಗಕ್ಕೆ ಅನ್ವಯಿಸಿತು, ಎಲ್ಲಿ ನಿಂತುಹೋಯಿತು ಎಂಬುದೇ ಈ ಪ್ರಕರಣದಲ್ಲಿ ತಿಳಿಯಬೇಕಾದ ಸಂಗತಿ.

ಷೇರು ಯಾರ ಪುಸ್ತಕದಲ್ಲಿದೆ

ಷೇರುಗಳನ್ನು ಕಾಗದದ ಬದಲು ಎಲೆಕ್ಟ್ರಾನಿಕ್ ಲೆಕ್ಕವಾಗಿ, ಅಂದರೆ ಡಿಮ್ಯಾಟ್ ರೂಪದಲ್ಲಿ ಇಟ್ಟುಕೊಳ್ಳುವ ಸಂಸ್ಥೆ ಡಿಪಾಸಿಟರಿ. ಭಾರತದಲ್ಲಿ ಅಂಥವು ಎರಡು. 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್ ಒಂದು, 1999ರಲ್ಲಿ ಬಂದ ಸಿಡಿಎಸ್‌ಎಲ್ ಇನ್ನೊಂದು. ಎರಡರ ಕೇಂದ್ರ ಕಚೇರಿಯೂ ಮುಂಬೈಯಲ್ಲೇ ಇದೆ. ಡಿಮ್ಯಾಟ್ ರೂಪದ ಷೇರುಗಳ ಮಟ್ಟಿಗೆ ಕಂಪನಿಯ ಸದಸ್ಯರ ಪುಸ್ತಕದಲ್ಲಿ ನೋಂದಾಯಿತ ಮಾಲೀಕ ಎಂದು ಕಾಣುವುದು ಡಿಪಾಸಿಟರಿಯ ಹೆಸರು. ಯಾರಿಗೆ ಎಷ್ಟು ಸೇರಿದೆ ಎಂಬ ವಿವರ ಡಿಪಾಸಿಟರಿಯ ಪುಸ್ತಕದಲ್ಲಿರುತ್ತದೆ. ಅಲ್ಲಿ ನಾವು ಬೆನಿಫಿಷಿಯಲ್ ಓನರ್, ಅಂದರೆ ಷೇರಿನ ನಿಜವಾದ ಹಕ್ಕುದಾರ. ಲಾಭಾಂಶ, ಬೋನಸ್, ಮತದಾನದ ಹಕ್ಕು ಎಲ್ಲವೂ ಬೆನಿಫಿಷಿಯಲ್ ಓನರ್‌ಗೇ ಸೇರಬೇಕು, ಡಿಪಾಸಿಟರಿಗೆ ಮತದಾನದ ಹಕ್ಕು ಇಲ್ಲ ಎಂದು 1996ರ ಡಿಪಾಸಿಟರೀಸ್ ಕಾಯ್ದೆಯ 10ನೇ ಕಲಮು ಹೇಳುತ್ತದೆ. ಈ ಸರಪಳಿಯಲ್ಲಿ ಬ್ರೋಕರ್ ಹೆಸರು ಮಾಲೀಕನಾಗಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಬ್ರೋಕರ್ ದಿವಾಳಿಯಾದರೂ ಅವನಿಗೆ ಸಾಲ ಕೊಟ್ಟವರು ನಮ್ಮ ಖಾತೆಯ ಷೇರಿಗೆ ಕೈ ಹಾಕುವಂತಿಲ್ಲ.

ಗೊಂದಲ ಹುಟ್ಟುವ ಜಾಗ ಬೇರೆ. ಡಿಪಾಸಿಟರಿ ನಮ್ಮೊಂದಿಗೆ ನೇರವಾಗಿ ಖಾತೆ ತೆರೆಯುವುದಿಲ್ಲ. ಅದರ ಏಜೆಂಟರಾದ ಡಿಪಾಸಿಟರಿ ಪಾರ್ಟಿಸಿಪೆಂಟ್, ಅಂದರೆ ಡಿಪಿ ಮೂಲಕವೇ ಖಾತೆ ತೆರೆಯಬೇಕು. ಬ್ಯಾಂಕುಗಳು ಡಿಪಿ ಆಗಿರುತ್ತವೆ, ಬ್ರೋಕರುಗಳೂ ಆಗಿರುತ್ತಾರೆ. ಟೀಚರ ಸಂಸ್ಥೆ ಎರಡೂ ಆಗಿತ್ತು. ಬ್ರೋಕರ್ ಆಗಿ ಅದು ಎಕ್ಸ್‌ಚೇಂಜಿನ ಸದಸ್ಯ, ಡಿಪಿ ಆಗಿ ಸಿಡಿಎಸ್‌ಎಲ್‌ನ ಏಜೆಂಟ್. ಎಕ್ಸ್‌ಚೇಂಜ್ ಬಂದ್ ಮಾಡಿದ್ದು ಮೊದಲ ಪಾತ್ರವನ್ನು ಮಾತ್ರ. ಆ್ಯಪ್ ಬ್ರೋಕರ್‌ನದಾದ್ದರಿಂದ ಅದು ಸತ್ತಿತು. ಸಿಡಿಎಸ್‌ಎಲ್‌ನಲ್ಲಿದ್ದ ಖಾತೆ ಇದ್ದ ಹಾಗೇ ಇತ್ತು. ಫೋರ್ಟ್‌ನ ಕಚೇರಿಯಲ್ಲಿ ಡಿಪಿ ಕೌಂಟರ್ ಮರುದಿನವೂ ತೆರೆದಿತ್ತು, ಇಬ್ಬರು ಸಿಬ್ಬಂದಿ ಕೂತಿದ್ದರು.

ಖಾತೆಯನ್ನು ನೋಡಲು ಬ್ರೋಕರ್‌ನ ಅವಶ್ಯಕತೆಯೇ ಇಲ್ಲ. ಸಿಡಿಎಸ್‌ಎಲ್‌ಗೆ ಈಸಿ ಎಂಬ ತನ್ನದೇ ಆನ್‌ಲೈನ್ ಸೇವೆ ಇದೆ, ಎನ್‌ಎಸ್‌ಡಿಎಲ್‌ಗೆ ಐಡಿಯಾಸ್ ಇದೆ. ಬೇಕಾಗುವುದು ಖಾತೆ ಸಂಖ್ಯೆ ಮತ್ತು ನೋಂದಾಯಿಸಿದ ಮೊಬೈಲ್. ಸಿಡಿಎಸ್‌ಎಲ್‌ನಲ್ಲಿ ಖಾತೆ ಸಂಖ್ಯೆ 16 ಅಂಕಿಯದು, ಅದರಲ್ಲಿ ಮೊದಲ 8 ಡಿಪಿಯ ಗುರುತು. ಟೀಚರ ಹಳೆಯ ಕಡತದಲ್ಲಿದ್ದ ಖಾತೆ ತೆರೆದ ಪತ್ರದಲ್ಲಿ ಅದು ಸಿಕ್ಕಿತು. ಮೊಬೈಲಿಗೆ ಓಟಿಪಿ ಬಂತು, ಅವರ ಊಟದ ಮೇಜಿನ ಮುಂದೆ ಕೂತು ಪುಟ ತೆರೆದೆವು.

ಎರಡು ಪಟ್ಟಿಗಳು

ಟೀಚರ್ ತಮ್ಮ ಷೇರುಗಳ ಲೆಕ್ಕವನ್ನು ಅಲ್ಲಿಯವರೆಗೆ ನೋಡುತ್ತಿದ್ದದ್ದು ಒಂದು ವಾಟ್ಸಾಪ್ ಹಾಳೆಯಲ್ಲಿ. ಬ್ರೋಕರ್ ಸಂಸ್ಥೆಯ ಸಬ್‌ಬ್ರೋಕರ್ ಒಬ್ಬರು ಡೊಂಬಿವಲಿ ಸ್ಟೇಷನ್ ಹತ್ತಿರ ಕಚೇರಿ ಇಟ್ಟುಕೊಂಡಿದ್ದರು. ಕಾಗದಪತ್ರದ ಭಾಷೆಯಲ್ಲಿ ಆಥರೈಸ್ಡ್ ಪರ್ಸನ್. ಪ್ರತಿ ತಿಂಗಳು ಅವರು ಟೈಪ್ ಮಾಡಿದ ಒಂದು ಹಾಳೆಯ ಫೋಟೊ ಕಳಿಸುತ್ತಿದ್ದರು. ಕೊನೆಯ ಹಾಳೆಯಲ್ಲಿ ಹೀಗಿತ್ತು: ಕರ್ನಾಟಕ ಬ್ಯಾಂಕ್ 800, ಕೆನರಾ ಬ್ಯಾಂಕ್ 1,000, ಇನ್ಫೋಸಿಸ್ 120, ಐಟಿಸಿ 500, ಐಟಿಸಿ ಹೋಟೆಲ್ಸ್ 50. ಅದರ ಕೆಳಗೆ ನಗದು ಸುಮಾರು 84,000 ರೂಪಾಯಿ.

ಸಿಡಿಎಸ್‌ಎಲ್ ಪುಟದಲ್ಲಿ ಕರ್ನಾಟಕ ಬ್ಯಾಂಕ್ ಮತ್ತು ಇನ್ಫೋಸಿಸ್ ಸರಿಯಾಗಿ ತಾಳೆಯಾದವು. ಕೆನರಾ ಬ್ಯಾಂಕ್ 1,000 ಇತ್ತು, ಆದರೆ ಫ್ರೀ ಬ್ಯಾಲೆನ್ಸ್ ಕಾಲಮ್ಮಿನಲ್ಲಿ 400, ಅಡವಿಟ್ಟದ್ದನ್ನು ತೋರಿಸುವ ಪ್ಲೆಡ್ಜ್ ಕಾಲಮ್ಮಿನಲ್ಲಿ 600. ಐಟಿಸಿ 300 ಮಾತ್ರ. ಐಟಿಸಿ ಹೋಟೆಲ್ಸ್ 30. ನಗದಿನ ಸುದ್ದಿಯೇ ಅಲ್ಲಿರಲಿಲ್ಲ, ಇರುವುದೂ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ ಹಣ ಇಡುವ ಏರ್ಪಾಡೇ ಇಲ್ಲ.

"ಐನೂರು ಅಲ್ವಾ ಇದ್ದದ್ದು? ಹಾಳೆಯಲ್ಲಿ ಉಂಟಲ್ಲ" ಎಂದು ಟೀಚರ್ ಮೊಬೈಲ್ ತೋರಿಸಿದರು. ನಾನು ಅವರ ಬ್ಯಾಂಕ್ ಪಾಸ್‌ಬುಕ್ ಕೇಳಿದೆ.

ಕಾರಣವಿತ್ತು. ಲಾಭಾಂಶ ಬ್ರೋಕರ್ ಮೂಲಕ ಬರುವುದಿಲ್ಲ. ರೆಕಾರ್ಡ್ ಡೇಟ್ ದಿನ ಡಿಪಾಸಿಟರಿಯ ಪುಸ್ತಕದಲ್ಲಿ ಯಾರ ಹೆಸರಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಕಂಪನಿ ಪಡೆದು, ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಹಾಕುತ್ತದೆ. 2025ರ ಆರಂಭದಲ್ಲಿ ಐಟಿಸಿ ಷೇರಿಗೆ 6.50 ರೂಪಾಯಿ ಮಧ್ಯಂತರ ಲಾಭಾಂಶ ಕೊಟ್ಟಿತ್ತು. 500 ಷೇರಿಗೆ 3,250 ರೂಪಾಯಿ ಬರಬೇಕು. ಪಾಸ್‌ಬುಕ್‌ನಲ್ಲಿ ಮಾರ್ಚ್ ತಿಂಗಳ ಸಾಲು 1,950 ಎಂದಿತ್ತು. ಅದು 300 ಷೇರಿನ ಲೆಕ್ಕ. ಐಟಿಸಿ ಹೋಟೆಲ್ಸ್‌ನ ಕಥೆಯೂ ಇದೇ. ಹೋಟೆಲ್ ವ್ಯವಹಾರವನ್ನು ಐಟಿಸಿ ಬೇರೆ ಕಂಪನಿ ಮಾಡಿದಾಗ 2025ರ ಜನವರಿ 6 ರೆಕಾರ್ಡ್ ಡೇಟ್ ಆಗಿತ್ತು, 10 ಐಟಿಸಿ ಷೇರಿಗೆ 1 ಹೊಸ ಷೇರು. ಟೀಚರ ಖಾತೆಗೆ 30 ಬಂದಿದ್ದವು. ಹಾಳೆಯಲ್ಲಿ ಮಾತ್ರ 500ಕ್ಕೆ ಸರಿಹೊಂದುವಂತೆ 50 ಎಂದು ಟೈಪ್ ಮಾಡಲಾಗಿತ್ತು. ಅಂದರೆ 2025ರ ಜನವರಿಗೂ ಮೊದಲೇ 200 ಷೇರು ಹೊರಟುಹೋಗಿದ್ದವು, ಹಾಳೆ ಬರೆದವರಿಗೆ ಅದು ಗೊತ್ತಿತ್ತು.

ವಹಿವಾಟಿನ ಸ್ಟೇಟ್‌ಮೆಂಟ್ ಹಿಂದಕ್ಕೆ ಹೋಗಿ ನೋಡಿದಾಗ 2024ರ ಏಪ್ರಿಲ್‌ನಲ್ಲಿ ಒಂದು ಸಾಲು ಸಿಕ್ಕಿತು. ಐಟಿಸಿ, 200, ಡೆಬಿಟ್, ಆಫ್ ಮಾರ್ಕೆಟ್. ಅಂದರೆ ಎಕ್ಸ್‌ಚೇಂಜಿನ ಹೊರಗೆ ನಡೆದ ವರ್ಗಾವಣೆ. ಹೋದದ್ದು 16 ಅಂಕಿಯ ಇನ್ನೊಂದು ಖಾತೆಗೆ. ಮೊದಲ 8 ಅಂಕಿ ಟೀಚರ ಖಾತೆಯದ್ದೇ, ಅಂದರೆ ಅದೇ ಡಿಪಿಯಲ್ಲಿರುವ ಬೇರೆ ಯಾರದ್ದೋ ಖಾತೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಇದು ಟೀಚರ ಕಣ್ಣಿಗೆ ಏಕೆ ಬೀಳಲಿಲ್ಲ? ಡಿಪಾಸಿಟರಿ ಪ್ಯಾನ್ ಆಧಾರದ ಮೇಲೆ ಕ್ಯಾಸ್ ಎಂಬ ಒಟ್ಟು ಸ್ಟೇಟ್‌ಮೆಂಟ್ ಕಳಿಸುತ್ತದೆ. ವಹಿವಾಟು ನಡೆದ ತಿಂಗಳಿನದ್ದು ಮುಂದಿನ ತಿಂಗಳು ಬರುತ್ತದೆ, ಏನೂ ನಡೆಯದಿದ್ದರೆ ಆರು ತಿಂಗಳಿಗೊಮ್ಮೆ. ಅದು ಹೋಗುವುದು ಡಿಮ್ಯಾಟ್ ಖಾತೆಯಲ್ಲಿ ದಾಖಲಾದ ಇಮೇಲ್‌ಗೆ. ಈಸಿಯಲ್ಲಿ ಟೀಚರ ಪ್ರೊಫೈಲ್ ತೆರೆದು ನೋಡಿದೆ. ಮೊಬೈಲ್ ಅವರದೇ ಇತ್ತು, ಇಮೇಲ್ ಸಬ್‌ಬ್ರೋಕರ್ ಕಚೇರಿಯದಾಗಿತ್ತು. ಖಾತೆ ತೆರೆದಾಗ "ನಿಮಗೆ ಇಮೇಲ್ ಇಲ್ಲದಿದ್ರೆ ನಮ್ದು ಹಾಕ್ತೇವೆ" ಅಂದಿದ್ದರಂತೆ. ಇಂಥ ಅರ್ಜಿಗಳನ್ನು ನನ್ನ ಕೆಲಸದ ದಿನಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಹತ್ತಾರು ಹಿರಿಯರ ಖಾತೆಗೆ ಒಂದೇ ಇಮೇಲ್. ಸಿಡಿಎಸ್‌ಎಲ್ ತನ್ನ ಕೆಲಸ ಮಾಡಿತ್ತು, ಸ್ಟೇಟ್‌ಮೆಂಟ್ ಕಳಿಸಿತ್ತು. ಅದನ್ನು ತೆರೆದು ಓದಬಲ್ಲವರು ಮಾತ್ರ ಹಾಳೆ ಟೈಪ್ ಮಾಡುತ್ತಿದ್ದವರೇ ಆಗಿದ್ದರು.

ಡೆಬಿಟ್ ಆದಾಗ ಸಿಡಿಎಸ್‌ಎಲ್‌ನಿಂದ ಟೀಚರ ಮೊಬೈಲಿಗೆ ಎಸ್‌ಎಂಎಸ್ ಕೂಡ ಬಂದಿತ್ತು. ಹಳೆಯ ಮೆಸೇಜುಗಳಲ್ಲಿ ಹುಡುಕಿದಾಗ ಇನ್ನೂ ಅಲ್ಲೇ ಇತ್ತು. ಅದಕ್ಕಿಂತ ಸ್ವಲ್ಪ ಮೇಲೆ ಒಂದು ಓಟಿಪಿ.

ಬ್ರೋಕರ್ ಕೈಗೆ ಎಟಕುವುದು ಎಷ್ಟು

ಆ ಓಟಿಪಿಯ ಅರ್ಥ ತಿಳಿಯಲು ಬ್ರೋಕರ್‌ಗೆ ನಮ್ಮ ಖಾತೆಯ ಮೇಲೆ ಯಾವ ಅಧಿಕಾರ ಇದೆ, ಯಾವುದು ಇಲ್ಲ ಎಂಬುದನ್ನು ನೋಡಬೇಕು.

ಟೀಚರ್ 2017ರಲ್ಲಿ ಖಾತೆ ತೆರೆದಾಗ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದ್ದರು. ಆಗ ಅದೇ ರೂಢಿ. ಗ್ರಾಹಕರು ಫೋನಿನಲ್ಲೋ ಆ್ಯಪಿನಲ್ಲೋ ಮಾರಿದರೆ ಆ ಷೇರನ್ನು ಖಾತೆಯಿಂದ ತೆಗೆದು ಎಕ್ಸ್‌ಚೇಂಜಿಗೆ ತಲುಪಿಸಲು ಬ್ರೋಕರ್‌ಗೆ ಅದು ಬೇಕಿತ್ತು. ಅದರ ದುರುಪಯೋಗ ಎಷ್ಟು ದೊಡ್ಡದಾಗಬಹುದು ಎಂದು ದೇಶ ಕಂಡದ್ದು 2019ರಲ್ಲಿ, ಕಾರ್ವಿ ಎಂಬ ಬ್ರೋಕರ್ ಸಂಸ್ಥೆಯ ಪ್ರಕರಣದಲ್ಲಿ. ಗ್ರಾಹಕರ ಷೇರುಗಳು ಸಂಸ್ಥೆಯ ಹೆಸರಿನ ಡಿಮ್ಯಾಟ್ ಖಾತೆಗೆ ಬಂದು, ಅಲ್ಲಿಂದ ಸಾಲಕ್ಕಾಗಿ ಅಡವಿಗೆ ಹೋಗಿದ್ದವು. ಆ ವರ್ಷ ನವೆಂಬರ್ 22ರಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಧ್ಯಂತರ ಆದೇಶ ಹೊರಡಿಸಿ, ಆ ಪವರ್ ಆಫ್ ಅಟಾರ್ನಿ ತೋರಿಸಿ ಕೊಡುವ ಸೂಚನೆಗಳನ್ನು ಪಾಲಿಸಬೇಡಿ ಎಂದು ಡಿಪಾಸಿಟರಿಗಳಿಗೆ ಹೇಳಿತು. ಡಿಸೆಂಬರ್ ಆರಂಭದಲ್ಲಿ ಎನ್‌ಎಸ್‌ಡಿಎಲ್ 80,000ಕ್ಕೂ ಹೆಚ್ಚು ಗ್ರಾಹಕರ ಷೇರುಗಳನ್ನು ಅವರವರ ಖಾತೆಗೆ ಮರಳಿಸಿತು. ಯಾರಿಗೆ ಎಷ್ಟು ಸೇರಬೇಕು ಎಂದು ಹೇಳಬಲ್ಲ ದಾಖಲೆ ಉಳಿದಿದ್ದರಿಂದ ಅದು ಸಾಧ್ಯವಾಯಿತು.

ಆ ಬಾಗಿಲುಗಳು ಆಮೇಲೆ ಒಂದೊಂದಾಗಿ ಮುಚ್ಚಿದವು. 2022ರ ನವೆಂಬರ್‌ನಿಂದ ಹೊಸ ಗ್ರಾಹಕರಿಂದ ಈ ಕೆಲಸಕ್ಕೆ ಪವರ್ ಆಫ್ ಅಟಾರ್ನಿ ಪಡೆಯುವಂತಿಲ್ಲ, ಬದಲಿಗೆ ಡಿಡಿಪಿಐ ಎಂಬ ಪತ್ರ ಬಂದಿದೆ. ಅದಕ್ಕೆ ಸಹಿ ಹಾಕುವುದು ಕಡ್ಡಾಯವಲ್ಲ. ಹಾಕಿದರೆ ಬ್ರೋಕರ್ ಮಾಡಬಹುದಾದದ್ದು ನಾಲ್ಕೇ ಕೆಲಸ: ನಾವು ಮಾರಿದ ಷೇರನ್ನು ಸೆಟಲ್‌ಮೆಂಟ್‌ಗೆ ಕೊಡುವುದು, ವಹಿವಾಟಿಗೆ ಭದ್ರತೆಯಾಗಿ ಇಡುವ ಮಾರ್ಜಿನ್‌ಗಾಗಿ ಪ್ಲೆಡ್ಜ್ ಮಾಡುವುದು, ಎಕ್ಸ್‌ಚೇಂಜ್ ವೇದಿಕೆಯ ಮ್ಯೂಚುವಲ್ ಫಂಡ್ ವಹಿವಾಟು, ಓಪನ್ ಆಫರ್‌ನಂಥ ಸಂದರ್ಭದಲ್ಲಿ ಷೇರು ಸಲ್ಲಿಸುವುದು. ಹಳೆಯ ಪವರ್ ಆಫ್ ಅಟಾರ್ನಿ ಗ್ರಾಹಕರು ರದ್ದು ಮಾಡುವವರೆಗೆ ಉಳಿಯುತ್ತದೆ, ಟೀಚರದ್ದೂ ಉಳಿದಿತ್ತು. ಆದರೆ ಈಗ ಮಾರಾಟದ ಹೆಸರಿನಲ್ಲಿ ಡೆಬಿಟ್ ಕೇಳಿದರೆ, ಆ ಗ್ರಾಹಕರು ನಿಜವಾಗಿ ಆ ದಿನ ಅಷ್ಟು ಮಾರಿದ್ದಾರೆಯೇ ಎಂದು ಎಕ್ಸ್‌ಚೇಂಜಿನ ವಹಿವಾಟು ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್ನಿನ ಲೆಕ್ಕದ ಜೊತೆ ಡಿಪಾಸಿಟರಿ ತಾಳೆ ನೋಡುತ್ತದೆ. ಮಾರಾಟ ಇಲ್ಲದಿದ್ದರೆ ಡೆಬಿಟ್ ಆಗುವುದಿಲ್ಲ. ಕೊಂಡ ಷೇರೂ ಈಗ ಬ್ರೋಕರ್‌ನ ಪೂಲ್ ಖಾತೆಯಲ್ಲಿ ತಂಗದೆ ನೇರವಾಗಿ ನಮ್ಮ ಖಾತೆಗೇ ಬರುತ್ತದೆ.

ಹೀಗಾಗಿ 200 ಐಟಿಸಿ ಷೇರನ್ನು ಇನ್ನೊಬ್ಬರ ಖಾತೆಗೆ ಸಾಗಿಸಲು ಪವರ್ ಆಫ್ ಅಟಾರ್ನಿ ಸಾಲುತ್ತಿರಲಿಲ್ಲ. ಅದಕ್ಕೆ ಎರಡು ವಸ್ತು ಬೇಕಿತ್ತು. ಷೇರು ವರ್ಗಾಯಿಸಿ ಎಂದು ಡಿಪಿಗೆ ಹೇಳುವ, ಖಾತೆದಾರರೇ ಸಹಿ ಮಾಡಿದ ಡಿಐಎಸ್ ಚೀಟಿ, ಮತ್ತು ಆಫ್ ಮಾರ್ಕೆಟ್ ವರ್ಗಾವಣೆಗೆ 2020ರ ನವೆಂಬರ್‌ನಿಂದ ಬೇಕಾಗಿರುವ ಓಟಿಪಿ ಒಪ್ಪಿಗೆ. ಸಬ್‌ಬ್ರೋಕರ್ ಎರಡನ್ನೂ ಪಡೆದಿದ್ದರು. "ಐಟಿಸಿ ಸುಮ್ಮನೆ ಬಿದ್ದಿದೆ, ನನಗೆ ಕೊಡಿ, ತಿಂಗಳಿಗೆ ನೂರಕ್ಕೆ ಒಂದರಂತೆ ಕೊಡ್ತೇನೆ, ಷೇರು ನಿಮ್ಮ ಹೆಸರಲ್ಲೇ ಇರ್ತದೆ" ಎಂದು ಹೇಳಿದ್ದರಂತೆ. ಚೀಟಿಗೆ ಸಹಿ ಆಯಿತು. ಓಟಿಪಿ ಬಂದಾಗ ಫೋನಿನಲ್ಲಿ ಓದಿ ಹೇಳಿದ್ದೂ ಆಯಿತು. ಕೆಲವು ತಿಂಗಳು ಹಣ ನಗದಾಗಿ ಬಂತು, ಆಮೇಲೆ ನಿಂತಿತು. ಖಾತೆಯಿಂದ ಹೋದ ಷೇರು ನಿಮ್ಮ ಹೆಸರಲ್ಲೇ ಇರುತ್ತದೆ ಎಂಬ ಮಾತು ಶುದ್ಧ ಸುಳ್ಳು. ಡಿಪಾಸಿಟರಿಯಲ್ಲಿ ಹಾಗೊಂದು ಏರ್ಪಾಡಿಲ್ಲ. ಆಥರೈಸ್ಡ್ ಪರ್ಸನ್ ತನ್ನ ಹೆಸರಿಗೆ ಗ್ರಾಹಕರ ಹಣವನ್ನಾಗಲಿ ಷೇರನ್ನಾಗಲಿ ಪಡೆಯುವುದೇ ನಿಯಮಕ್ಕೆ ವಿರುದ್ಧ.

ಒಂದೊಂದರ ದಾರಿ ಒಂದೊಂದು

ಫ್ರೀ ಬ್ಯಾಲೆನ್ಸ್‌ನಲ್ಲಿದ್ದದ್ದನ್ನು ಮೊದಲು ಸಾಗಿಸಿದೆವು. ಕರ್ನಾಟಕ ಬ್ಯಾಂಕ್ 800, ಕೆನರಾ ಬ್ಯಾಂಕ್ 400, ಇನ್ಫೋಸಿಸ್ 120, ಐಟಿಸಿ 300, ಐಟಿಸಿ ಹೋಟೆಲ್ಸ್ 30. ಟೀಚರ ಪಿಂಚಣಿ ಬರುವ ಬ್ಯಾಂಕಿನಲ್ಲೇ ಹೊಸ ಡಿಮ್ಯಾಟ್ ಖಾತೆ ತೆರೆದರು. ಆ ಬ್ಯಾಂಕ್ ಎನ್‌ಎಸ್‌ಡಿಎಲ್‌ನ ಡಿಪಿ. ಹೊಸ ಖಾತೆಯ ವಿವರ ಇರುವ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಅನ್ನು ಮೊಹರು ಹಾಕಿಸಿ ತಂದೆವು. ಹೆಸರು, ಪ್ಯಾನ್ ಎರಡೂ ಖಾತೆಯಲ್ಲಿ ಒಂದೇ ಇವೆ ಎಂದು ತೋರಿಸುವ ಕಾಗದ ಅದು.

ಡಿಐಎಸ್ ಪುಸ್ತಕ ಟೀಚರ ಬಳಿ ಇರಲಿಲ್ಲ. "ನನ್ನ ಹತ್ರವೇ ಇರಲಿ, ನಿಮಗೆ ಕಳೆದುಹೋಗ್ತದೆ" ಎಂದು ಸಬ್‌ಬ್ರೋಕರ್ ಇಟ್ಟುಕೊಂಡಿದ್ದರು. ಅದರಲ್ಲಿ ಇನ್ನೂ ಸಹಿ ಮಾಡಿದ ಖಾಲಿ ಚೀಟಿ ಇದೆಯೇ ಎಂದು ಟೀಚರಿಗೆ ಖಚಿತವಿರಲಿಲ್ಲ. ಪ್ರತಿ ಚೀಟಿಗೂ ಮುದ್ರಿತ ಕ್ರಮಸಂಖ್ಯೆ ಇರುತ್ತದೆ, ಯಾವ ಸಂಖ್ಯೆ ಯಾರಿಗೆ ಕೊಟ್ಟದ್ದು ಎಂಬ ದಾಖಲೆ ಡಿಪಿಯಲ್ಲಿರುತ್ತದೆ. ಆದ್ದರಿಂದ ಫೋರ್ಟ್‌ಗೆ ಹೋದ ಮೊದಲ ದಿನ ಮಾಡಿದ ಕೆಲಸ ಮೂರು ಅರ್ಜಿ ಕೊಡುವುದು: ಹಳೆಯ ಪುಸ್ತಕದ ಉಳಿದ ಚೀಟಿಗಳನ್ನೆಲ್ಲ ತಡೆಹಿಡಿಯಿರಿ, ಪವರ್ ಆಫ್ ಅಟಾರ್ನಿ ರದ್ದು ಮಾಡಿ, ಇಮೇಲ್ ಬದಲಿಸಿ. ಮೂರಕ್ಕೂ ನಕಲು ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಂಡೆವು. ಕೌಂಟರಿನ ಹುಡುಗ ಮೊಹರು ಹಾಕಲು ಸ್ವಲ್ಪ ಹಿಂದುಮುಂದು ನೋಡಿದ. ಟೀಚರ್ ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ಹಾಕಿಕೊಟ್ಟ.

ಹೊಸ ಪುಸ್ತಕ ಬಂದ ಮೇಲೆ ಚೀಟಿ ತುಂಬಿದೆವು. ಇಲ್ಲಿ ತಪ್ಪು ಆಗುವುದು ಸುಲಭ. ಸಿಡಿಎಸ್‌ಎಲ್‌ನಿಂದ ಎನ್‌ಎಸ್‌ಡಿಎಲ್‌ಗೆ ಹೋಗುವಾಗ ಅಂತರ್ ಡಿಪಾಸಿಟರಿ ಎಂಬ ಕಡೆ ಗುರುತು ಹಾಕಬೇಕು. ಎನ್‌ಎಸ್‌ಡಿಎಲ್ ಖಾತೆ ಸಂಖ್ಯೆಯ ರೂಪವೂ ಬೇರೆ, IN ಅಕ್ಷರಗಳಿಂದ ಶುರುವಾಗುವ ಡಿಪಿ ಸಂಖ್ಯೆ ಮತ್ತು ಅದರ ನಂತರ 8 ಅಂಕಿಯ ಗ್ರಾಹಕ ಸಂಖ್ಯೆ. ಪ್ರತಿ ಷೇರಿಗೂ ಅದನ್ನು ಗುರುತಿಸುವ 12 ಅಕ್ಷರಾಂಕಿಗಳ ಐಎಸ್‌ಐಎನ್ ಬರೆಯಬೇಕು. ಐಟಿಸಿ ಮತ್ತು ಐಟಿಸಿ ಹೋಟೆಲ್ಸ್ ಹೆಸರಿನಲ್ಲಿ ಹತ್ತಿರ, ಐಎಸ್‌ಐಎನ್ ಬೇರೆ ಬೇರೆ. ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನಾನು ಓದಿದೆ, ಟೀಚರ್ ಬರೆದರು. ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕಾರಣದ ಜಾಗದಲ್ಲಿ ಸ್ವಂತ ಖಾತೆಗೆ ವರ್ಗಾವಣೆ ಎಂದು ಗುರುತು ಹಾಕಿ, ಬರೆಯದೆ ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆದೆವು. ಓಟಿಪಿ ಬಂತು. ಈ ಸಲ ಅದನ್ನು ಟೀಚರ್ ತಾವೇ ಸಿಡಿಎಸ್‌ಎಲ್ ಪುಟದಲ್ಲಿ ಒತ್ತಿದರು. ಷೇರುಗಳು ಹೊಸ ಖಾತೆಯಲ್ಲಿ ಕಂಡವು. ಮುಂದಿನ ಲಾಭಾಂಶಕ್ಕೆ ಕಂಪನಿಗಳಿಗೆ ಬೇರೆ ಪತ್ರ ಬರೆಯುವ ಅಗತ್ಯ ಇರಲಿಲ್ಲ.

ಕೆನರಾ ಬ್ಯಾಂಕಿನ 600 ಪ್ಲೆಡ್ಜ್‌ನಲ್ಲಿದ್ದವು. ಆಪ್ಷನ್ ವಹಿವಾಟಿಗೆ ಮಾರ್ಜಿನ್ ಬೇಕೆಂದು ಸಬ್‌ಬ್ರೋಕರ್ ಮಾಡಿಸಿದ್ದು. ಇಲ್ಲಿ ನನಗೆ ಸಮಾಧಾನವಾದದ್ದು ಒಂದು ಸಂಗತಿ. 2020ರ ಸೆಪ್ಟೆಂಬರ್‌ಗೆ ಮುಂಚೆ ಮಾರ್ಜಿನ್ ಎಂದರೆ ಷೇರು ಬ್ರೋಕರ್‌ನ ಖಾತೆಗೇ ಹೋಗುತ್ತಿತ್ತು. ಈಗ ಷೇರು ನಮ್ಮ ಖಾತೆಯಲ್ಲೇ ಉಳಿದು ಅದರ ಮೇಲೆ ಬ್ರೋಕರ್ ಹೆಸರಿನ ಪ್ಲೆಡ್ಜ್ ಬೀಳುತ್ತದೆ. ಬ್ರೋಕರ್ ಅದನ್ನು ಮುಂದೆ ಕ್ಲಿಯರಿಂಗ್ ಕಾರ್ಪೊರೇಷನ್‌ವರೆಗೆ ಮರುಪ್ಲೆಡ್ಜ್ ಮಾಡಬಹುದು, ಬ್ಯಾಂಕಿಗೆ ಒಯ್ದು ತನ್ನ ಸಾಲಕ್ಕೆ ಅಡವಿಡುವಂತಿಲ್ಲ. ಆ ಷೇರನ್ನು ಮಾರಿ ವಸೂಲಿ ಮಾಡುವುದಾದರೂ ಟೀಚರದೇ ಬಾಕಿಗೆ ಮಾತ್ರ, ಇನ್ನೊಬ್ಬ ಗ್ರಾಹಕರ ನಷ್ಟಕ್ಕಲ್ಲ. ಟೀಚರಿಗೆ ಯಾವ ಆಪ್ಷನ್ ಪೊಸಿಷನ್ನೂ ತೆರೆದಿರಲಿಲ್ಲ, ಬಾಕಿಯೂ ಇರಲಿಲ್ಲ. ಆದರೂ ತಡವಾಯಿತು. ಪ್ಲೆಡ್ಜ್ ಬಿಡಿಸುವುದು ಅದನ್ನು ಪಡೆದವರ ಕೆಲಸ. ಮರುಪ್ಲೆಡ್ಜ್ ಆಗಿದ್ದರೆ ಮೇಲಿನವರು ಮೊದಲು ಬಿಡಬೇಕು, ಆಮೇಲೆ ಬ್ರೋಕರ್. ಬ್ರೋಕರ್ ಕಚೇರಿಯಲ್ಲಿ ಆ ಬಟನ್ ಒತ್ತುವವರೇ ಸಿಗುತ್ತಿರಲಿಲ್ಲ. ಎಕ್ಸ್‌ಚೇಂಜಿಗೂ ಸಿಡಿಎಸ್‌ಎಲ್‌ಗೂ ಸ್ಟೇಟ್‌ಮೆಂಟ್ ಮತ್ತು ಶೂನ್ಯ ಬಾಕಿ ತೋರಿಸುವ ಲೆಡ್ಜರ್ ಲಗತ್ತಿಸಿ ಬರೆದ ಮೇಲೆ, ಕೆಲವು ವಾರಗಳ ನಂತರ 600 ಷೇರು ಫ್ರೀ ಕಾಲಮ್ಮಿಗೆ ಬಂತು. ಅಲ್ಲಿಯವರೆಗೆ ಹಳೆಯ ಖಾತೆಯನ್ನು ಮುಚ್ಚುವಂತಿರಲಿಲ್ಲ.

ನಗದು 84,000 ಇನ್ನೂ ಕಷ್ಟದ್ದು. ಮೊಮ್ಮಗನ ಕಾಲೇಜು ಶುಲ್ಕಕ್ಕೆಂದು ಟೀಚರ್ ಟರ್ಮಿನಲ್ ಬಂದ್ ಆಗುವ ಎರಡು ದಿನ ಮೊದಲು ಇನ್ಫೋಸಿಸ್‌ನ 55 ಷೇರು ಮಾರಿದ್ದರು. 2023ರ ಜನವರಿಯಿಂದ ಮಾರಾಟದ ಮರುದಿನವೇ ಸೆಟಲ್‌ಮೆಂಟ್. ಷೇರು ಖಾತೆಯಲ್ಲೇ ಬ್ಲಾಕ್ ಆಗಿ, ಸರಿಯಾಗಿ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಹೋಯಿತು. ಹಣ ಮಾತ್ರ ಬ್ರೋಕರ್ ಮೂಲಕ ಬರಬೇಕು. ಖಾತೆ ತೆರೆದಾಗ ಟೀಚರ್, ಹಣವನ್ನು ಬ್ರೋಕರ್ ಬಳಿಯೇ ಬಿಟ್ಟಿರುವ ರನ್ನಿಂಗ್ ಅಕೌಂಟ್ ಒಪ್ಪಿಗೆಗೆ ಸಹಿ ಹಾಕಿ ಮೂರು ತಿಂಗಳಿಗೊಮ್ಮೆ ಎಂಬ ಆಯ್ಕೆಗೆ ಗುರುತು ಹಾಕಿದ್ದರು. ಹಾಗಾಗಿ ತಾನಾಗಿ ಬ್ಯಾಂಕಿಗೆ ಬರಲಿಲ್ಲ, ಲೆಡ್ಜರಿನಲ್ಲಿ ಕೂತಿತು. ಷೇರಿಗೆ ಡಿಪಾಸಿಟರಿಯ ಪುಸ್ತಕ ಇದೆ, ಈ ಹಣಕ್ಕೆ ಅಂಥದ್ದಿಲ್ಲ. ಇದು ಬ್ರೋಕರ್‌ನಿಂದ ಬರಬೇಕಾದ ಬಾಕಿ. ಬ್ರೋಕರ್‌ನನ್ನು ಎಕ್ಸ್‌ಚೇಂಜ್ ಡಿಫಾಲ್ಟರ್ ಎಂದು ಘೋಷಿಸಿದರೆ ಹೂಡಿಕೆದಾರರ ರಕ್ಷಣಾ ನಿಧಿಯಿಂದ ಒಂದು ಮಿತಿಯವರೆಗೆ ಪರಿಹಾರ ಕೇಳಬಹುದು. ಅದಕ್ಕೆ ಎಕ್ಸ್‌ಚೇಂಜ್ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅವಧಿ ನಿಗದಿ ಮಾಡುತ್ತದೆ. ಕಾಂಟ್ರಾಕ್ಟ್ ನೋಟ್, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಜೋಡಿಸಿ ಟೀಚರ ಅರ್ಜಿ ಸಿದ್ಧವಾಯಿತು. ಎಕ್ಸ್‌ಚೇಂಜಿನಲ್ಲಿ ನಡೆದ ವಹಿವಾಟಿನ ಹಣವಾದ್ದರಿಂದ ಆ ಅರ್ಜಿಗೆ ಗಟ್ಟಿ ನೆಲೆ ಇದೆ.

200 ಐಟಿಸಿಗೆ ಆ ನೆಲೆ ಇಲ್ಲ. ತಿಂಗಳಿಗೆ ಇಷ್ಟು ಕೊಡುತ್ತೇನೆಂಬ ಖಾಸಗಿ ಒಪ್ಪಂದಕ್ಕೆ ರಕ್ಷಣಾ ನಿಧಿ ಅನ್ವಯಿಸುವುದಿಲ್ಲ. ಡಿಪಾಸಿಟರಿಯ ಅಥವಾ ಡಿಪಿಯ ನಿರ್ಲಕ್ಷ್ಯದಿಂದ ನಷ್ಟವಾದರೆ ಡಿಪಾಸಿಟರಿಯೇ ಭರಿಸಬೇಕು ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಆದರೆ ಇಲ್ಲಿ ಸಹಿ ಅಸಲಿ, ಓಟಿಪಿ ಅಸಲಿ. ಸಿಡಿಎಸ್‌ಎಲ್ ಪಾಲಿಗೆ ಅದು ಖಾತೆದಾರರೇ ಕೊಟ್ಟ ಸೂಚನೆ.

ಉಳಿದ ದಾರಿ ಬ್ರೋಕರ್‌ನ ಹೊಣೆ. ಆಥರೈಸ್ಡ್ ಪರ್ಸನ್ ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಅವರನ್ನು ನೇಮಿಸಿಕೊಂಡ ಬ್ರೋಕರ್ ಉತ್ತರ ಕೊಡಬೇಕೆಂದು ಸೆಬಿಯ ನಿಯಮ ಹೇಳುತ್ತದೆ. ಆ ಆಧಾರದ ಮೇಲೆ ಸೆಬಿಯ ಸ್ಕೋರ್ಸ್ ಎಂಬ ದೂರಿನ ತಾಣದಲ್ಲಿ ದೂರು ಕೊಟ್ಟೆವು, ಆಮೇಲೆ ಆನ್‌ಲೈನ್‌ನಲ್ಲಿ ವಿವಾದ ಬಗೆಹರಿಸುವ ಸ್ಮಾರ್ಟ್ ಓಡಿಆರ್‌ಗೆ ಹೋದೆವು. ಸಬ್‌ಬ್ರೋಕರ್ ಮೇಲೆ ಪೊಲೀಸ್ ದೂರೂ ದಾಖಲಾಯಿತು. ವಾಟ್ಸಾಪ್ ಹಾಳೆಗಳನ್ನು ಟೀಚರ್ ಒಂದನ್ನೂ ಅಳಿಸಿರಲಿಲ್ಲ. ಷೇರು ಹೊರಟುಹೋದ ನಂತರವೂ ತಿಂಗಳು ತಿಂಗಳು 500 ಎಂದು ತೋರಿಸಿದ ಆ ಹಾಳೆಗಳೇ ಈಗ ಟೀಚರ ಕಡೆಯ ಮುಖ್ಯ ಸಾಕ್ಷ್ಯ. ಮೊದಲ ಸಂಧಾನ ಸಭೆಯಲ್ಲಿ ಬ್ರೋಕರ್ ಕಡೆಯವರು ಅದು ಅವರಿಬ್ಬರ ಖಾಸಗಿ ವ್ಯವಹಾರ ಎಂದರು. ಸಭೆ ಮುರಿದು ಪ್ರಕರಣ ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗಿದೆ. 200 ಐಟಿಸಿಯ ಜೊತೆಗೆ ಬರಬೇಕಿದ್ದ 20 ಐಟಿಸಿ ಹೋಟೆಲ್ಸ್ ಷೇರು, 2024ರ ಏಪ್ರಿಲ್‌ನಿಂದ ಈಚಿನ ಲಾಭಾಂಶ ಎಲ್ಲವನ್ನೂ ಬೇಡಿಕೆಯಲ್ಲಿ ಸೇರಿಸಿದ್ದೇವೆ. ತೀರ್ಪು ಇನ್ನೂ ಬಂದಿಲ್ಲ.